ಕಿರುಸಂದೇಶದ ಕನ್ನಡ: ಇಂಗ್ಲಿಷ್ ಚಾಟ್ ಬರಹದ ಅನುವಾದದಲ್ಲಿ ಸಂಬಂಧಸೂಚಕಗಳ ಪ್ರಶ್ನೆ

1

ಇಂದಿನ ಇಂಗ್ಲಿಷ್ ಕಥಾಸಾಹಿತ್ಯದಲ್ಲಿ ಪಾತ್ರಗಳು ಮಾತನಾಡುವುದಕ್ಕಿಂತ ಹೆಚ್ಚಾಗಿ ಮೊಬೈಲಿನಲ್ಲಿ ಬರೆದುಕೊಳ್ಳುತ್ತವೆ. ಇಂತಹ ಕಥೆಗಳನ್ನು ಕನ್ನಡಕ್ಕೆ ತರುವವರು ನಿರೂಪಣೆಯ ಭಾಗವನ್ನು ಸಮರ್ಥವಾಗಿಯೇ ನಿರ್ವಹಿಸುತ್ತಾರೆ. ಕಿರುಸಂದೇಶಗಳ ಭಾಗ ಬಂದೊಡನೆ ಅವರ ಭಾಷೆ ತೊಡರುತ್ತದೆ. ಸಂಕ್ಷೇಪಾಕ್ಷರಗಳು, ಇಮೋಜಿಗಳು, ಹುಡುಗರ ಆಡುನುಡಿ ಇವು ಕನ್ನಡದಲ್ಲಿ ಒಂದೋ ನಿಘಂಟಿನ ಅರ್ಥವಿವರಣೆಯಂತೆ ಕಾಣುತ್ತವೆ, ಇಲ್ಲವೇ ಚಲನಚಿತ್ರದ ಸಂಭಾಷಣೆಯಂತೆ ಕೇಳಿಸುತ್ತವೆ. ಇದಕ್ಕೆ ಕನ್ನಡದಲ್ಲಿ ಸಮಾನ ಪದಗಳು ದೊರೆಯದಿರುವುದೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಈ ಅಭಿಪ್ರಾಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ಕೊರತೆಯಿರುವುದು ಪದಗಳದಲ್ಲ. ಯಾರು ಯಾರಿಗೆ ಬರೆಯುತ್ತಿದ್ದಾರೆ ಎಂಬುದನ್ನು ನಿಶ್ಚಯಿಸಿಕೊಳ್ಳದೆ ಪದಗಳನ್ನು ಹುಡುಕುವುದೇ ದೋಷದ ಮೂಲ ಎಂಬುದು ನಮ್ಮ ವಾದ.

ಈ ವಾದವನ್ನು ಕರ್ನಾಟಕದ ಹೊರಗಿನ ಕನ್ನಡದ ಮೂಲಕ ನೋಡುವುದು ಹೆಚ್ಚು ಫಲಕಾರಿ. ಸೂರತ್, ವಡೋದರಾ, ಅಹಮದಾಬಾದ್ ಈ ಮೂರು ನಗರಗಳು ಮುಂಬಯಿಯಿಂದ ಉತ್ತರಕ್ಕೆ ಹೋಗುವ ಒಂದೇ ರೈಲುದಾರಿಯ ಮೇಲಿವೆ. ಉದ್ಯೋಗ, ವ್ಯಾಪಾರ, ವ್ಯಾಸಂಗಗಳಿಗಾಗಿ ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಉತ್ತರ ಕರ್ನಾಟಕದಿಂದ ಬಂದವರೂ ಇದ್ದಾರೆ, ಕರಾವಳಿಯಿಂದ ಬಂದವರೂ ಇದ್ದಾರೆ. ಅವರ ಮಕ್ಕಳಲ್ಲಿ ಅನೇಕರಿಗೆ ಕನ್ನಡ ಕೇಳಲು, ಆಡಲು ಬರುತ್ತದೆ, ಲಿಪಿ ಬರುವುದಿಲ್ಲ. ಅವರ ಕನ್ನಡ ಮನೆಯಲ್ಲಿ ಕಲಿತದ್ದು, ಶಾಲೆಯಲ್ಲಿ ಕಲಿತದ್ದಲ್ಲ. ಇಂತಹ ಪಾತ್ರಗಳು ಇಂಗ್ಲಿಷಿನಲ್ಲಿ ಬರೆದುಕೊಂಡ ಸಂದೇಶಗಳನ್ನು ಕನ್ನಡ ಮಾಡುವಾಗ ಅನುವಾದಕನಿಗೆ ಯಾವ ಸುಲಭ ಆಶ್ರಯವೂ ಇರುವುದಿಲ್ಲ.

2

ಚರ್ಚೆಯ ಅನುಕೂಲಕ್ಕಾಗಿ ನಾವು ಮಾದರಿ ಸಂಭಾಷಣೆಯೊಂದನ್ನು ಕಟ್ಟಿಕೊಂಡಿದ್ದೇವೆ. ಇದು ಯಾವ ಪ್ರಕಟಿತ ಕೃತಿಯಿಂದಲೂ ತೆಗೆದುಕೊಂಡದ್ದಲ್ಲ. ಬರೆಯುವವರು ಇಬ್ಬರು ಗೆಳತಿಯರು, ವಡೋದರಾದಲ್ಲಿ ಒಂದೇ ತರಗತಿಯ ವಿದ್ಯಾರ್ಥಿನಿಯರು. ಮೊದಲನೆಯವಳ ತಂದೆತಾಯಿ ಧಾರವಾಡದ ಕಡೆಯವರು, ಈಗ ಅಹಮದಾಬಾದಿನಲ್ಲಿ ಇರುವವರು. ಎರಡನೆಯವಳ ಕುಟುಂಬ ಉಡುಪಿಯ ಕಡೆಯದು, ನೆಲೆಸಿರುವುದು ಸೂರತ್ತಿನಲ್ಲಿ. ಅವರ ಮನೆಮಾತು ತುಳು, ಕನ್ನಡವೂ ಬಳಕೆಯಲ್ಲಿದೆ. ರಾತ್ರಿಯ ಹೊತ್ತಿನ ಸಂದೇಶಗಳು ಹೀಗಿವೆ:

```
A: hey u up? ngl that viva was brutal 💀
B: lol same. after all that he was like "any other questions?" 😭
A: brb mom calling
A: ok back. she says u shd come for lunch sun 🙏
B: omg yesss 🥹❤️ tell aunty tysm
```

ಇದರಲ್ಲಿ ಕಠಿಣವಾದ ಪದವೊಂದೂ ಇಲ್ಲ. ಆದರೂ ಐದು ಸಾಲುಗಳಲ್ಲಿ ಮೂರು ಬಗೆಯ ಸಂಬಂಧಗಳು ಅಡಗಿವೆ. ಗೆಳತಿಯರ ನಡುವಣ ಸಲಿಗೆ, ವಿದ್ಯಾರ್ಥಿನಿಗೂ ಅಧ್ಯಾಪಕನಿಗೂ ಇರುವ ಅಂತರ, ಗೆಳತಿಯ ತಾಯಿಯ ಬಗೆಗಿನ ಪ್ರೀತಿ ಬೆರೆತ ಗೌರವ. ಇಂಗ್ಲಿಷಿನಲ್ಲಿ `u`, `he`, `she` ಎಂಬ ರೂಪಗಳು ಈ ಮೂರನ್ನೂ ಬೇರ್ಪಡಿಸುವುದಿಲ್ಲ. ಕನ್ನಡದಲ್ಲಿ ಸರ್ವನಾಮವನ್ನು ಬಿಟ್ಟರೂ ಕ್ರಿಯಾಪದದ ಪ್ರತ್ಯಯ ಇವುಗಳನ್ನು ಹೇಳಿಯೇ ತೀರುತ್ತದೆ. ಇಂಗ್ಲಿಷ್ ಲೇಖಕ ಹೇಳದೆ ಬಿಡಬಹುದಾದದ್ದನ್ನು ಕನ್ನಡ ಅನುವಾದಕ ಹೇಳದೆ ಇರಲಾರ ಎಂಬ ಸಂಗತಿಯಿಂದಲೇ ನಮ್ಮ ವಿವೇಚನೆ ಹೊರಡುತ್ತದೆ.

3

ಇಂತಹ ಸಾಲುಗಳ ಅನುವಾದದಲ್ಲಿ ಎರಡು ಬಗೆಯ ದೋಷಗಳು ಪದೇಪದೇ ಕಾಣಿಸಿಕೊಳ್ಳುತ್ತವೆ. ಮೊದಲನೆಯದು ವಿವರಣೆಯ ದೋಷ. ಅದರಲ್ಲಿ ಮೊದಲ ಸಾಲು ಹೀಗಾಗುತ್ತದೆ: ‘ಹೇ, ನೀವು ಎಚ್ಚರವಾಗಿದ್ದೀರಾ? ಸುಳ್ಳು ಹೇಳುವುದಿಲ್ಲ, ಆ ಮೌಖಿಕ ಪರೀಕ್ಷೆ ಕ್ರೂರವಾಗಿತ್ತು.’ ಎರಡನೆಯದು ‘ಜೋರಾಗಿ ನಗುತ್ತಿದ್ದೇನೆ, ನನಗೂ ಅದೇ’ ಎಂದಾಗುತ್ತದೆ. ಇಲ್ಲಿ ಪ್ರತಿಯೊಂದು ಸಂಕ್ಷೇಪವನ್ನೂ ಬಿಡಿಸಿ ಅರ್ಥ ಹೇಳಲಾಗಿದೆ, ತಪ್ಪಾಗಿ ಹೇಳಿಲ್ಲ. ಆದರೆ ಒಂದೇ ತರಗತಿಯ ಗೆಳತಿಯರು ಪರಸ್ಪರ ಬಹುವಚನದಲ್ಲಿ ಕರೆದುಕೊಂಡು, ಅಪರಿಚಿತರಾಗಿಬಿಟ್ಟಿದ್ದಾರೆ. ನಗುತ್ತಿದ್ದೇನೆಂದು ಘೋಷಿಸಿ ನಗುವವಳು ಓದುಗನಿಗೆ ನಗುವವಳಾಗಿ ಕಾಣಿಸುವುದಿಲ್ಲ.

ಎರಡನೆಯದು ಇದಕ್ಕೆ ವಿರುದ್ಧವಾದ ದೋಷ. ಅನುವಾದಕ ಮೊದಲ ಸಾಲನ್ನು ‘ಏನ್ ಮಗಾ, ಎದ್ದಿದ್ಯಾ? ವೈವಾದಲ್ಲಿ ಸಖತ್ ಬೆಂಡೆತ್ತಿಬಿಟ್ರು ಗುರು’ ಎಂದು ಬರೆಯುತ್ತಾನೆ. ಇದು ಜೀವಂತವಾದ ಕನ್ನಡವೆಂಬುದರಲ್ಲಿ ಸಂದೇಹವಿಲ್ಲ. ಕಥೆ ಬೆಂಗಳೂರಿನ ಕಾಲೇಜಿನದಾಗಿದ್ದರೆ ನಮ್ಮ ಆಕ್ಷೇಪವೂ ಇರುತ್ತಿರಲಿಲ್ಲ. ಆದರೆ ಈ ಸಾಲನ್ನು ಓದಿದ ಕನ್ನಡಿಗನ ಕಣ್ಣಮುಂದೆ ಬರುವುದು ಜಯನಗರವೋ ಬಸವನಗುಡಿಯೋ ಹೊರತು ವಡೋದರಾ ಅಲ್ಲ. ಮೊದಲ ಅನುವಾದ ಪಾತ್ರಗಳ ಸ್ನೇಹವನ್ನು ಕಳೆದರೆ ಎರಡನೆಯದು ಅವರ ಊರನ್ನು ಕಳೆದಿದೆ. ಇವೆರಡನ್ನೂ ಉಳಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ಸಂಕ್ಷೇಪ, ಆಡುನುಡಿ, ಇಮೋಜಿ ಎಂಬ ಕ್ರಮದಲ್ಲಿ ನೋಡಬಹುದು.

4

ಸಂಕ್ಷೇಪಗಳು ನಮ್ಮ ಸಾಹಿತ್ಯಕ್ಕೆ ಹೊಸತಲ್ಲ. ಚಂಪೂಕಾವ್ಯಗಳ ಮುದ್ರಿತ ಆವೃತ್ತಿಗಳಲ್ಲಿ ಪದ್ಯದ ಮೊದಲಿಗೆ ‘ಕಂ’ ಎಂದೂ ಗದ್ಯದ ಮೊದಲಿಗೆ ‘ವ’ ಎಂದೂ ಇರುತ್ತದೆ. ಕಂದ, ವಚನ ಎಂಬುವು ಅವುಗಳ ಪೂರ್ಣರೂಪಗಳು. ಕಾವ್ಯವಾಚನ ಮಾಡುವವನು ಈ ಅಕ್ಷರಗಳನ್ನು ಪಾಠದ ಭಾಗವಾಗಿ ಓದುವುದಿಲ್ಲ. ಮುಂದಿನ ಸಾಲನ್ನು ಯಾವ ಗತಿಯಲ್ಲಿ ಓದಬೇಕೆಂಬುದನ್ನು ಮಾತ್ರ ಅವುಗಳಿಂದ ತಿಳಿಯುತ್ತಾನೆ. `lol` ಎಂಬುದು ಇಂದು ಮಾಡುತ್ತಿರುವ ಕೆಲಸವೂ ಹೆಚ್ಚುಕಡಿಮೆ ಇದೇ. ಅದು ಆರಂಭದಲ್ಲಿ ನಗುವನ್ನೇ ಸೂಚಿಸುತ್ತಿತ್ತು. ಇಂದಿನ ಬಳಕೆಯಲ್ಲಿ ‘ಈ ಮಾತನ್ನು ಹಗುರವಾಗಿ ತೆಗೆದುಕೋ’ ಎಂಬ ಸೂಚನೆಯಾಗಿ ಹೆಚ್ಚು ಕಾಣುತ್ತದೆ. ಆದ್ದರಿಂದ ಅದನ್ನು ಬಿಡಿಸಿ ಅರ್ಥ ಹೇಳುವುದು, ‘ವ’ ಎಂದಿರುವಲ್ಲಿ ‘ವಚನ’ ಎಂದು ಗಟ್ಟಿಯಾಗಿ ಓದಿದಂತಾಗುತ್ತದೆ.

ಈ ಸೂಚನೆಯನ್ನು ಕನ್ನಡ ಯಾವುದರಿಂದ ಕೊಡುತ್ತದೆ ಎಂಬುದು ಮುಂದಿನ ಪ್ರಶ್ನೆ. ನಮ್ಮ ವ್ಯಾಕರಣಗಳು ಭಾವಸೂಚಕಾವ್ಯಯಗಳೆಂಬ ವರ್ಗವೊಂದನ್ನು ಹೇಳುತ್ತವೆ. ಅಯ್ಯೋ, ಅಬ್ಬಾ, ಛೇ ಮೊದಲಾದವು ಅದರಲ್ಲಿ ಬರುತ್ತವೆ. ಆಡುಮಾತಿನಲ್ಲಿ ಇವುಗಳ ಜೊತೆಗೆ ವಾಕ್ಯದ ಕೊನೆಗೆ ಸೇರುವ ಪುಟ್ಟ ರೂಪಗಳ ಒಂದು ದೊಡ್ಡ ಸಮೂಹವೇ ಇದೆ: ಕಣೋ, ಕಣೇ, ಬಿಡು, ಅಲ್ವಾ, ಆಯ್ತಾ, ಮಾರಾಯ, ಮಾರಾಯ್ತಿ, ರೀ, ಲೇ. ಇವು ವಾಕ್ಯದ ಅರ್ಥಕ್ಕೆ ಹೊಸ ಸಂಗತಿಯನ್ನು ಸೇರಿಸುವುದಿಲ್ಲ, ಅದರ ಧ್ವನಿಯನ್ನು ಬದಲಿಸುತ್ತವೆ. ‘ನಂದೂ ಅದೇ ಕತೆ’ ಎಂಬುದು ದೂರು. ‘ನಂದೂ ಅದೇ ಕತೆ ಮಾರಾಯ್ತಿ’ ಎಂಬುದು ನಗುತ್ತ ಹೇಳಿದ ದೂರು. ಎರಡನೆಯ ಸಾಲಿನ `lol` ಕನ್ನಡದಲ್ಲಿ ಪದವಾಗಿ ಉಳಿಯಬೇಕಾಗಿಲ್ಲ. ‘ಮಾರಾಯ್ತಿ’ ಎಂಬುದರಲ್ಲಿ ಅದು ಕರಗಿಹೋಗಿದೆ.

ಆದರೆ ಈ ರೂಪಗಳಿಗೆ ಇಂಗ್ಲಿಷ್ ಸಂಕ್ಷೇಪಗಳಿಗಿಲ್ಲದ ಒಂದು ಗುಣವಿದೆ. ಅವು ಲಿಂಗ, ವಯಸ್ಸು, ಪ್ರದೇಶಗಳನ್ನು ಹೊತ್ತುಕೊಂಡೇ ಬರುತ್ತವೆ. ‘ಕಣೇ’ ಎಂದರೆ ಕೇಳುವವಳು ಹೆಣ್ಣು. ‘ಮಾರಾಯ್ತಿ’ ಎಂದರೆ ಕರಾವಳಿಯ ಅಥವಾ ಮಲೆನಾಡಿನ ಹೆಣ್ಣೆಂಬ ಊಹೆ ಬರುತ್ತದೆ. `lol` ಎಂಬುದನ್ನು ಮಗಳು ತಾಯಿಗೂ ಬರೆಯಬಲ್ಲಳು. ‘ಮಾರಾಯ್ತಿ’ಯನ್ನು ಎಲ್ಲ ಮನೆಗಳಲ್ಲಿ ತಾಯಿಗೆ ಹೇಳಲಾಗುವುದಿಲ್ಲ. ಹೀಗಾಗಿ ಸಂಕ್ಷೇಪಗಳಿಗೆ ಸಮಾನಪದಗಳ ಪಟ್ಟಿಯೊಂದನ್ನು ಮಾಡಿಟ್ಟುಕೊಂಡು ಕೃತಿಯುದ್ದಕ್ಕೂ ಬಳಸುವ ಕ್ರಮ ಇಲ್ಲಿ ಕೆಲಸಕ್ಕೆ ಬಾರದು. ಒಂದೇ `lol` ಮೂವರಿಗೆ ಮೂರು ರೂಪಗಳಲ್ಲಿ ಬರಬೇಕಾಗಬಹುದು.

`ngl` ಎಂಬುದು ನಿಜವನ್ನು ಒಪ್ಪಿಕೊಳ್ಳುವ ಮುನ್ನುಡಿ. ಧಾರವಾಡದ ಕಡೆಯವಳು ‘ಖರೇ ಹೇಳ್ತೀನಿ’ ಎಂದು ಇದನ್ನು ದಿನವೂ ಹೇಳುತ್ತಾಳೆ. `brb` ಎಂಬುದಕ್ಕೆ ‘ತಡಿ’ ಸಾಕು. ಅದು ಮೂಲಕ್ಕಿಂತ ಉದ್ದವೂ ಅಲ್ಲ. `yesss` ಎಂಬಲ್ಲಿ ಅಕ್ಷರವನ್ನು ಎಳೆದು ಸಂಭ್ರಮವನ್ನು ತೋರಿಸಲಾಗಿದೆ. ಕನ್ನಡದಲ್ಲಿ ‘ಹೌದುದುದು’ ಎಂದು ಎಳೆಯುವುದು ಹಾಸ್ಯಾಸ್ಪದ. ಸಂಭ್ರಮಕ್ಕೆ ನಮ್ಮಲ್ಲಿ ದ್ವಿರುಕ್ತಿಯಿದೆ: ‘ಬರ್ತೇನೆ ಬರ್ತೇನೆ’. ಇಲ್ಲಿ ‘ಹೌದು’ ಎಂಬ ಪದವೇ ಹೋಗಿ ಕ್ರಿಯಾಪದ ಬಂದಿರುವುದನ್ನು ಗಮನಿಸಬೇಕು. ಊಟಕ್ಕೆ ಕರೆದಾಗ ಕನ್ನಡಿಗರು ಹೌದೆನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಇದೇ ರೀತಿ ರಾತ್ರಿ ಕೇಳುವ `u up?` ಎಂಬುದು ಕನ್ನಡದಲ್ಲಿ ‘ಎದ್ದಿದ್ದೀಯಾ’ ಎಂದಾದರೆ ಬೆಳಗಿನ ಪ್ರಶ್ನೆಯಾಗಿಬಿಡುತ್ತದೆ. ಅದನ್ನು ಎದುರು ಬದಿಯಿಂದ ‘ಮಲ್ಕೊಂಡೀಯೇನ?’ ಎಂದು ಕೇಳುವುದೇ ಸಹಜ.

5

ಆಡುನುಡಿಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು, ಗುಜರಾತಿನ ಹಿನ್ನೆಲೆ ನಮಗೆ ಹೆಚ್ಚು ಉಪಯೋಗಕ್ಕೆ ಬರುವುದೂ ಇಲ್ಲಿಯೇ. ತಾಯಿತಂದೆಯರಿಂದ ಮಕ್ಕಳು ವ್ಯಾಕರಣವನ್ನೂ ಮನೆಯ ಪದಗಳನ್ನೂ ಕಲಿಯುತ್ತಾರೆ. ಹುಡುಗುತನದ ಆಡುನುಡಿಯನ್ನು ಯಾರೂ ತಾಯಿಯಿಂದ ಕಲಿಯುವುದಿಲ್ಲ. ಅದು ಸಮವಯಸ್ಕರಿಂದ, ಶಾಲೆಯ ಅಂಗಳದಲ್ಲಿ ಬರುತ್ತದೆ. ವಡೋದರಾದ ಶಾಲೆಯ ಅಂಗಳದಲ್ಲಿ ಇರುವುದು ಗುಜರಾತಿ, ಹಿಂದಿ, ಇಂಗ್ಲಿಷ್. ಆದ್ದರಿಂದ ಅಲ್ಲಿ ಬೆಳೆದ ಕನ್ನಡದ ಹುಡುಗಿಯ ಭಾಷೆಯಲ್ಲಿ ಕ್ರಿಯಾಪದಗಳು, ವಿಭಕ್ತಿಪ್ರತ್ಯಯಗಳು ಮನೆಯವಾಗಿದ್ದು, ಆಡುನುಡಿಯ ಸ್ಥಾನ ಮಾತ್ರ ಬೇರೆ ಭಾಷೆಯಿಂದ ತುಂಬಿಕೊಂಡಿರುತ್ತದೆ. ‘ಯಾರ್’ ಎಂಬ ಹಿಂದಿಯ ಸಂಬೋಧನೆ ಅಲ್ಲಿ ಸಲೀಸು. ಗುಜರಾತಿಯಲ್ಲಿ ಸಲಿಗೆಯಿಂದ ಕರೆಯುವ ‘ಬಕಾ’ ಎಂಬುದೂ ಕಿವಿಗೆ ಬೀಳುತ್ತಿರುತ್ತದೆ. ‘ಮಗಾ’, ‘ಮಚ್ಚಾ’ಗಳು ಅವಳಿಗೆ ಸಿನಿಮಾದಿಂದ ತಿಳಿದಿರಬಹುದು, ತಿಳಿದಿದ್ದರೂ ಅವು ಅವಳ ಬಾಯಲ್ಲಿ ಅನುಕರಣೆಯಾಗಿಯೇ ಬರುತ್ತವೆ.

ಇದರಿಂದ ಅನುವಾದಕ್ಕೆ ದೊರೆಯುವ ಸೂತ್ರ ಸರಳವಾದದ್ದು. ಕ್ರಿಯಾಪದ ಮನೆಯದಾಗಿರಲಿ, ಸಲಿಗೆಯ ಸಂಬೋಧನೆ ಊರಿನದಾಗಿರಲಿ. ‘ವೈವಾದಾಗ ಜೀವಾನ ಹೋತ ಯಾರ್’ ಎಂಬ ವಾಕ್ಯದಲ್ಲಿ ‘ದಾಗ’ ಮತ್ತು ‘ಹೋತ’ ಎಂಬುವು ಧಾರವಾಡವನ್ನೂ ‘ಯಾರ್’ ಎಂಬುದು ವಡೋದರಾವನ್ನೂ ‘ವೈವಾ’ ಎಂಬುದು ಕಾಲೇಜನ್ನೂ ಹೇಳುತ್ತವೆ. ಎಂಟು ಹತ್ತು ಅಕ್ಷರಗಳಲ್ಲಿ ಪಾತ್ರದ ಹಿನ್ನೆಲೆ ಪೂರ್ತಿಯಾಗಿ ಬಂದಿದೆ. ಇದನ್ನು ಅತಿಯಾಗಿ ಮಾಡುವ ಅಪಾಯವೂ ಇದೆ. ಪ್ರತಿಯೊಂದು ಸಾಲಿನಲ್ಲೂ ಗುಜರಾತಿ ಪದವನ್ನು ತುರುಕಿದರೆ ಅದು ಪ್ರಹಸನದ ಭಾಷೆಯಾಗುತ್ತದೆ. ಕರ್ನಾಟಕದ ಓದುಗನಿಗೆ ‘ಯಾರ್’ ತಿಳಿಯುತ್ತದೆ. ‘ಬಕಾ’ ತಿಳಿಯುವುದಿಲ್ಲ, ಅಲ್ಲದೆ ಮಹಾಭಾರತದ ಬಕಾಸುರನನ್ನು ನೆನಪಿಗೆ ತರುತ್ತದೆ. ಹಾಗಾಗಿ ಇಡೀ ಕಥೆಯಲ್ಲಿ ಒಂದು ಕಡೆ, ಸಂದರ್ಭದಿಂದಲೇ ಅರ್ಥವಾಗುವಲ್ಲಿ ಮಾತ್ರ ಅದನ್ನು ಬಳಸುವುದು ಉಚಿತ.

ಗೆಳತಿಯ ತಾಯಿಯನ್ನು ಕರೆಯುವ `aunty` ಎಂಬುದನ್ನು ‘ಆಂಟಿ’ ಎಂದೇ ಉಳಿಸಬೇಕು. ‘ಚಿಕ್ಕಮ್ಮ’, ‘ಕಾಕು’ ಎಂದು ಮಾಡಿದರೆ ಓದುಗ ಇಬ್ಬರನ್ನೂ ಬಂಧುಗಳೆಂದು ತಿಳಿಯುತ್ತಾನೆ. ಅಧ್ಯಾಪಕನ ವಿಷಯದಲ್ಲಿ ಬೇರೊಂದು ತೊಡಕಿದೆ. `he was like` ಎಂಬಲ್ಲಿ ಅಣಕವಿದೆ. ಆ ಅಣಕವನ್ನು ತರಲು ‘ಅವನು ಹೇಳ್ದ’ ಎಂದು ಏಕವಚನಕ್ಕಿಳಿಸಿದರೆ ಹುಡುಗಿಯ ಮಾತು ಅಣಕವನ್ನು ದಾಟಿ ತಿರಸ್ಕಾರವಾಗುತ್ತದೆ. ಕನ್ನಡದಲ್ಲಿ ಗೌರವದ ಬಹುವಚನವನ್ನು ಬಿಡದೆಯೇ ಅಣಕಿಸಲು ಸಾಧ್ಯ. ಕಳೆದ ಘಟನೆಯನ್ನು ವರ್ತಮಾನದಲ್ಲಿ ಹೇಳುವುದು ಅದರ ಉಪಾಯ: ‘ಸರ್ ಕೇಳ್ತಾರೆ’. ಅವರ ಪ್ರಶ್ನೆ ಮಾತ್ರ ಇಂಗ್ಲಿಷಿನಲ್ಲಿಯೇ ಉಳಿಯಬೇಕು. ವಡೋದರಾದ ಪರೀಕ್ಷಕ ಕರಾವಳಿಯ ಕನ್ನಡದಲ್ಲಿ ‘ಡೌಟ್ ಉಂಟಾ’ ಎಂದು ಕೇಳಲಾರ.

6

ಇಮೋಜಿಗಳನ್ನು ಅನುವಾದಿಸುವ ಅಗತ್ಯವೇ ಇಲ್ಲ, ಅವು ಎಲ್ಲ ಭಾಷೆಗಳಿಗೂ ಒಂದೇ ಎಂಬ ಅಭಿಪ್ರಾಯ ಪ್ರಚಲಿತವಾಗಿದೆ. ಅವುಗಳ ಸಂಕೇತಗಳು ಒಂದೇ ಎಂಬುದು ನಿಜ. ಜಪಾನಿನ ಮೊಬೈಲುಗಳಲ್ಲಿ 1990ರ ದಶಕದ ಕೊನೆಯಲ್ಲಿ ರೂಢಿಗೆ ಬಂದ ಈ ಚಿತ್ರಗಳನ್ನು 2010ರಲ್ಲಿ ಯೂನಿಕೋಡ್ ತನ್ನ 6.0 ಆವೃತ್ತಿಯಲ್ಲಿ ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡಿತು. ನಮ್ಮ ಮಾದರಿಯಲ್ಲಿರುವ 💀, 😭, 🙏 ಇವು ಆಗ ಬಂದವು. 🥹 ಬಂದದ್ದು 2021ರಲ್ಲಿ. ಆದರೆ ಯೂನಿಕೋಡ್ ನಿಗದಿಪಡಿಸುವುದು ಚಿತ್ರದ ಸಂಕೇತವನ್ನೂ ಹೆಸರನ್ನೂ ಹೊರತು ಬಳಕೆಯ ಅರ್ಥವನ್ನಲ್ಲ. 😭 ಎಂಬುದರ ಹೆಸರು ಗಟ್ಟಿಯಾಗಿ ಅಳುವ ಮುಖ ಎಂದಾದರೂ ಯುವಜನರು ಅದನ್ನು ನಗುವಿಗೂ ಬಳಸುತ್ತಾರೆ.

🙏 ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಯೂನಿಕೋಡಿನಲ್ಲಿ ಇದರ ಹೆಸರು ಕೈಮುಗಿದ ವ್ಯಕ್ತಿ ಎಂದು. ಇಂಗ್ಲಿಷ್ ಬಳಕೆಯಲ್ಲಿ ಇದು ಪ್ರಾರ್ಥನೆ, ಬೇಡಿಕೆ, ಕೃತಜ್ಞತೆಗಳನ್ನು ಸೂಚಿಸುತ್ತದೆ. ನಮ್ಮ ನಾಲ್ಕನೆಯ ಸಾಲಿನಲ್ಲಿ ‘ದಯವಿಟ್ಟು ಬಾ’ ಎಂಬ ಅರ್ಥದಲ್ಲಿ ಬಂದಿದೆ. ಕನ್ನಡ ಓದುಗನಿಗೂ ಗುಜರಾತಿ ಓದುಗನಿಗೂ ಇದು ಮೊಟ್ಟಮೊದಲಿಗೆ ನಮಸ್ಕಾರ. ಸಮವಯಸ್ಕಳಾದ ಗೆಳತಿಗೆ ನಮಸ್ಕರಿಸಿ ಊಟಕ್ಕೆ ಕರೆದರೆ ಅದು ಔಪಚಾರಿಕತೆಯಾಗುತ್ತದೆ. ಇಲ್ಲವೇ ‘ನಿನಗೊಂದು ದೊಡ್ಡ ನಮಸ್ಕಾರ ತಾಯಿ’ ಎಂಬ ವ್ಯಂಗ್ಯವಾಗುತ್ತದೆ. ಹೀಗಾಗಿ ಚಿತ್ರವನ್ನು ಇದ್ದಂತೆಯೇ ಉಳಿಸಿದರೂ ಅರ್ಥ ಉಳಿಯುವುದಿಲ್ಲ. ಆ ಸಾಲಿನ ಒತ್ತಾಯವನ್ನು ‘ನೀ ಬರಾಕಬೇಕ’ ಎಂಬ ಕ್ರಿಯಾಪದಕ್ಕೆ ವಹಿಸಿ ಅಲ್ಲಿಂದ ಚಿತ್ರವನ್ನು ತೆಗೆಯುವುದು ಸರಿ.

ತೆಗೆದ ಆ ಚಿತ್ರಕ್ಕೆ ಮುಂದಿನ ಸಾಲಿನಲ್ಲಿ ತಕ್ಕ ಸ್ಥಾನವಿದೆ. ಅಲ್ಲಿ ಗೆಳತಿಯ ತಾಯಿಗೆ `tysm` ಎಂದು ಕೃತಜ್ಞತೆಯನ್ನು ಹೇಳಿಕಳಿಸಲಾಗಿದೆ. ಊಟಕ್ಕೆ ಕರೆದ ಹಿರಿಯರಿಗೆ, ಊಟಕ್ಕೆ ಹೋಗುವ ಮೊದಲೇ ಧನ್ಯವಾದ ಹೇಳಿಕಳಿಸುವುದು ನಮ್ಮ ರೂಢಿಯಲ್ಲ. ‘ಅನೇಕ ಧನ್ಯವಾದಗಳನ್ನು ತಿಳಿಸು’ ಎಂದರೆ ಸಭೆಯ ವಂದನಾರ್ಪಣೆಯಂತಾಗುತ್ತದೆ. ಕನ್ನಡದಲ್ಲಿ ಹಿರಿಯರಿಗೆ ಹೇಳಿಕಳಿಸುವುದು ನಮಸ್ಕಾರವನ್ನು. ‘ಆಂಟಿಗೆ ನಮಸ್ಕಾರ ಹೇಳು ಆಯ್ತಾ’ ಎಂಬ ಸಾಲಿನ ಕೊನೆಯಲ್ಲಿ 🙏 ತನ್ನ ಸಹಜವಾದ ಅರ್ಥದಲ್ಲಿಯೇ ಬಂದು ಕೂರುತ್ತದೆ. ಮೂಲದಲ್ಲಿದ್ದ ಚಿತ್ರವೊಂದು ಕೆಳಗಿನ ಸಾಲಿಗೆ, ಒಬ್ಬಳಿಂದ ಇನ್ನೊಬ್ಬಳಿಗೆ ಸರಿದಿದೆ. ಇದು ಮೂಲಕ್ಕೆ ಬಗೆದ ಅಪಚಾರವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ವಿಶೇಷಣವನ್ನೋ ಕ್ರಿಯಾವಿಶೇಷಣವನ್ನೋ ವಾಕ್ಯದಲ್ಲಿ ಸ್ಥಳಾಂತರಿಸುವ ಸ್ವಾತಂತ್ರ್ಯವನ್ನು ಅನುವಾದಕನಿಗೆ ನಾವು ಎಂದೋ ಕೊಟ್ಟಿದ್ದೇವೆ. ಇಮೋಜಿಗೆ ಅದನ್ನು ನಿರಾಕರಿಸಲು ಕಾರಣವಿಲ್ಲ.

💀 ಕುರಿತ ಎಚ್ಚರ ಬೇರೆ ಬಗೆಯದು. ಇಂಗ್ಲಿಷಿನ ಹೊಸ ಬಳಕೆಯಲ್ಲಿ ಇದು ನಗುವಿನಿಂದ ಸತ್ತೆ ಎಂಬುದನ್ನೂ ಸೋತು ಸುಣ್ಣವಾದೆ ಎಂಬುದನ್ನೂ ಹೇಳುತ್ತದೆ. ನಮ್ಮಲ್ಲಿಯೂ ‘ಜೀವ ಹೋಯಿತು’ ಎಂಬ ಮಾತು ಇದೇ ಅರ್ಥದಲ್ಲಿ ಇರುವುದರಿಂದ ಚಿತ್ರ ಮತ್ತು ಮಾತು ಒಂದನ್ನೊಂದು ಬೆಂಬಲಿಸುತ್ತವೆ. ಗೆಳತಿಯರ ನಡುವೆ ಅದನ್ನು ಉಳಿಸಬಹುದು. ಇದೇ ಹುಡುಗಿ ಇದೇ ಚಿತ್ರವನ್ನು ಧಾರವಾಡದ ಅಜ್ಜಿಗೆ ಕಳಿಸಿದಂತೆ ಅನುವಾದದಲ್ಲಿ ಬಂದರೆ ಓದುಗನಿಗೆ ಅಮಂಗಳವೇ ಮೊದಲು ಕಾಣುತ್ತದೆ.

7

ಈವರೆಗಿನ ವಿವೇಚನೆಯ ಫಲವಾಗಿ ನಮ್ಮ ಮಾದರಿಯ ಕನ್ನಡ ರೂಪ ಹೀಗಾಗುತ್ತದೆ:

```
A: ಮಲ್ಕೊಂಡೀಯೇನ? ಖರೇ ಹೇಳ್ತೀನಿ, ವೈವಾದಾಗ ಜೀವಾನ ಹೋತ ಯಾರ್ 💀
B: ನಂದೂ ಅದೇ ಕತೆ ಮಾರಾಯ್ತಿ. ಅಷ್ಟೆಲ್ಲ ಆದ ಮೇಲೆ
   ಸರ್ ಕೇಳ್ತಾರೆ, ಎನಿ ಅದರ್ ಕ್ವೆಶ್ಚನ್ಸ್? 😭
A: ತಡಿ, ಮಮ್ಮಿ ಫೋನ್
A: ಹಾಂ ಹೇಳ. ಐತ್ವಾರ ಊಟಕ್ಕ ಕರ್ಕೊಂಡ ಬಾ ಅಂದ್ಲು. ನೀ ಬರಾಕಬೇಕ
B: ಅಯ್ಯೋ ಬರ್ತೇನೆ ಬರ್ತೇನೆ 🥹❤️ ಆಂಟಿಗೆ ನಮಸ್ಕಾರ ಹೇಳು ಆಯ್ತಾ 🙏
```

ಮೂರನೆಯ ಸಾಲಿನಲ್ಲಿ `mom calling` ಎಂಬುದು ‘ಮಮ್ಮಿ ಫೋನ್’ ಎಂದಾಗಲು ಕಾರಣ ಭಾಷೆಯಲ್ಲ, ಭೂಗೋಳ. ತಾಯಿ ಇರುವುದು ಅಹಮದಾಬಾದಿನಲ್ಲಿ, ಸುಮಾರು ನೂರು ಕಿಲೋಮೀಟರು ದೂರ. ‘ಮಮ್ಮಿ ಕರೀತಾಳ’ ಎಂದರೆ ಪಕ್ಕದ ಕೋಣೆಯಿಂದ ಕರೆದಂತಾಗುತ್ತದೆ. ನಾಲ್ಕನೆಯ ಸಾಲಿನ ‘ಅಂದ್ಲು’ ಎಂಬ ಏಕವಚನ ಮಗಳಿಗೆ ಸಲ್ಲುತ್ತದೆ. ಇದೇ ತಾಯಿಯ ಬಗ್ಗೆ ಎರಡನೆಯವಳು ಹೇಳಬೇಕಾದಾಗ ‘ಅಂದ್ರಾ’ ಎಂಬ ಬಹುವಚನವೇ ಬರಬೇಕು. ಇಂಗ್ಲಿಷಿನ `she` ಈ ಭೇದವನ್ನು ತೋರಿಸುವುದಿಲ್ಲವಾದ್ದರಿಂದ ಅನುವಾದಕ ಇಲ್ಲಿ ಎಡವುವುದುಂಟು.

ಈ ರೂಪಕ್ಕೆ ಇರುವ ಮಿತಿಯನ್ನೂ ಹೇಳಬೇಕು. ವಾಸ್ತವದಲ್ಲಿ ಇಂತಹ ಗೆಳತಿಯರು ಕನ್ನಡದಲ್ಲಿ ಬರೆದುಕೊಂಡರೂ ಬಹುಮಟ್ಟಿಗೆ ಬಳಸುವುದು ರೋಮನ್ ಲಿಪಿಯನ್ನು. ಇದಕ್ಕೆ ಲಿಪಿಯ ಅಜ್ಞಾನವೊಂದೇ ಕಾರಣವಲ್ಲ. ಹಳೆಯ ಕಿರುಸಂದೇಶ ವ್ಯವಸ್ಥೆಯಲ್ಲಿ ಒಂದು ಸಂದೇಶಕ್ಕೆ ರೋಮನ್ನಿನ 160 ಅಕ್ಷರಗಳು ಹಿಡಿಯುತ್ತಿದ್ದರೆ, ಕನ್ನಡದಲ್ಲಿ ಬರೆದಾಗ 70 ಸಂಕೇತಗಳಷ್ಟೇ ಹಿಡಿಯುತ್ತಿದ್ದವು. ಕನ್ನಡದ ಗುಣಿತಾಕ್ಷರ, ಒತ್ತಕ್ಷರಗಳಿಗೆ ತಲಾ ಎರಡು ಮೂರು ಸಂಕೇತಗಳು ಬೇಕಾಗುವುದರಿಂದ ಇದು ಇನ್ನೂ ಕಡಿಮೆಯೆನ್ನಬೇಕು. ಆಗ ಬೆಳೆದ ಅಭ್ಯಾಸ ಆ ಮಿತಿ ಹೋದಮೇಲೂ ಉಳಿದಿದೆ. ಹಾಗೆಂದು ಮುದ್ರಿತ ಕಥೆಯಲ್ಲಿ ರೋಮನ್ ಕನ್ನಡವನ್ನೇ ಬಳಸುವುದು ಕಷ್ಟ. `bale` ಎಂದು ಬರೆದರೆ ಬಲೆ, ಬಳೆ, ಬಾಳೆ ಮೂರೂ ಆಗಬಹುದು. ಬರೆದವರ ಪರಿಚಯವಿರುವವರು ಸಂದರ್ಭದಿಂದ ತಿಳಿಯುತ್ತಾರೆ, ಕಥೆಯ ಓದುಗ ತಡವರಿಸುತ್ತಾನೆ. ಆದ್ದರಿಂದ ನಂಬುವಂತಹ ಚಾಟ್ ಕನ್ನಡವೆಂದರೆ ಅವರು ಒತ್ತಿದ ಅಕ್ಷರಗಳ ಪ್ರತಿಯಲ್ಲ. ಅವರ ದನಿ ಓದುಗನಿಗೆ ಕೇಳಿಸುವಂತಹ ಬರಹ.

ಹೀಗೆ ಕೇಳಿಸುತ್ತದೆಯೇ ಇಲ್ಲವೇ ಎಂಬುದನ್ನು ಪರೀಕ್ಷಿಸಲು ಒಂದು ದಾರಿಯಿದೆ. ಅನುವಾದದಿಂದ ಇಮೋಜಿಗಳನ್ನೂ ಹೆಸರುಗಳನ್ನೂ ತೆಗೆದು, ಕಥೆಯನ್ನು ಓದದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಮಾತನಾಡುವವರು ಸಮವಯಸ್ಕರೇ, ಯಾವ ಕಡೆಯವರು, ನಗುತ್ತಿದ್ದಾರೆಯೇ ನೊಂದಿದ್ದಾರೆಯೇ ಎಂದು ಕೇಳಬೇಕು. ಇವುಗಳಿಗೆ ಉತ್ತರ ಬಂದರೆ ಇಮೋಜಿ ತನ್ನ ಕೆಲಸವನ್ನಷ್ಟೇ ಮಾಡುತ್ತಿದೆ ಎಂದರ್ಥ. ಇಮೋಜಿಯನ್ನು ತೆಗೆದೊಡನೆ ಭಾವವೂ ಹೋದರೆ ಕನ್ನಡ ವಾಕ್ಯ ಇನ್ನೂ ಸಿದ್ಧವಾಗಿಲ್ಲ.

8

ಕೊನೆಯಲ್ಲಿ ಒಂದೇ ಅಕ್ಷರದ ಸಂದೇಶವೊಂದನ್ನು ನೋಡೋಣ. ನಮ್ಮ ಕಥೆಯ ಹುಡುಗಿ ಐತ್ವಾರ ಊರಿಗೆ ಬರಲಾಗುವುದಿಲ್ಲವೆಂದು ತಾಯಿಗೆ ಬರೆಯುತ್ತಾಳೆಂದು ಭಾವಿಸೋಣ. ತಾಯಿಯ ಉತ್ತರ ಹೀಗಿದೆ: `k`. ಯುವಜನರ ಇಂಗ್ಲಿಷ್ ಬಳಕೆಯನ್ನು ಬಲ್ಲ ಅನುವಾದಕನಿಗೆ ಈ ಒಂಟಿ ಅಕ್ಷರ ಮುನಿಸಿನ ಗುರುತೆಂಬುದು ತಿಳಿದಿದೆ. ಆತ ‘ಆತ ಬಿಡ’ ಎಂದು ಕನ್ನಡ ಮಾಡುತ್ತಾನೆ. ‘ಬಿಡ’ ಎಂಬ ಒಂದು ಶಬ್ದದಿಂದ ತಾಯಿ ನೊಂದಿದ್ದಾಳೆ, ಮಗಳ ಮೇಲೆ ಭಾರ ಹೊರಿಸಿದ್ದಾಳೆ ಎಂಬುದು ಸ್ಪಷ್ಟವಾಗುತ್ತದೆ.

ಆದರೆ ಇದನ್ನು ಬರೆದವಳ ವಯಸ್ಸೇನು ಎಂಬುದನ್ನು ಮೊದಲು ಕೇಳಬೇಕಾಗಿತ್ತು. ಕೀಲಿಗಳನ್ನು ಮತ್ತೆ ಮತ್ತೆ ಒತ್ತಿ ಅಕ್ಷರ ಮೂಡಿಸುತ್ತಿದ್ದ ಕಾಲದಲ್ಲಿ ಮೊಬೈಲು ಕಲಿತವಳಿಗೆ `k` ಎಂಬುದು `ok` ಎಂಬುದರ ಉಳಿತಾಯ ಮಾತ್ರ. ಅವಳ ಬೆರಳಿನಲ್ಲಿ ಅದಕ್ಕೆ ಮುನಿಸಿನ ಛಾಯೆ ಇರಬೇಕೆಂದಿಲ್ಲ. ಮೂಲ ಕಥೆಯಲ್ಲಿ ಅವಳು ಬೇರೆಡೆ ಹೇಗೆ ಬರೆಯುತ್ತಾಳೆಂಬುದನ್ನು ಅನುವಾದಕ ಹಿಂದೆ ಮುಂದೆ ತಿರುವಿ ನೋಡಬೇಕು. ತರಕಾರಿ ತಂದೆನೆಂದಾಗಲೂ ರೈಲು ಹತ್ತಿದೆನೆಂದಾಗಲೂ ಅವಳು `k` ಎಂದೇ ಬರೆದಿದ್ದರೆ ಇಲ್ಲಿಯೂ ‘ಆತು’ ಎಂದಷ್ಟೇ ಬರೆಯಬೇಕು. ಬೇರೆಡೆಯೆಲ್ಲ ‘ಹುಷಾರಿ, ಊಟ ಮಾಡು’ ಎಂದು ಉದ್ದಕ್ಕೆ ಬರೆಯುವವಳು ಇಲ್ಲಿ ಮಾತ್ರ ಒಂದಕ್ಷರಕ್ಕೆ ಇಳಿದಿದ್ದರೆ ‘ಆತ ಬಿಡ’ ಎಂಬುದೇ ಸರಿಯಾದ ಅನುವಾದ.

ಈ ಅಕ್ಷರವನ್ನು ಮಗಳು ಮುನಿಸೆಂದು ಓದಿ, ತಾಯಿ ಹಾಗೆ ಬರೆದೇ ಇರದ ಸಂದರ್ಭವೂ ಇರಬಹುದು. ಇಂಗ್ಲಿಷಿನಲ್ಲಿ ಎರಡೂ ಅರ್ಥಗಳಿಗೆ ಎಡೆಯಿರುವುದರಿಂದ ಕಥೆ ಆ ತಪ್ಪುತಿಳಿವಳಿಕೆಯ ಮೇಲೆಯೇ ನಿಂತಿರಬಹುದು. ಆಗ ‘ಆತು’ ಎಂಬುದೇ ಮೇಲು. ಅದರಲ್ಲಿ ಸಮ್ಮತಿಯೂ ಇದೆ, ನೋಯಬೇಕೆಂದಿರುವವಳಿಗೆ ನೋವೂ ಇದೆ. ‘ಬಿಡ’ ಎಂಬುದನ್ನು ಸೇರಿಸಿದೊಡನೆ ಆ ತಾಯಿ ಮುನಿದವಳೆಂದು ನಾವೇ ತೀರ್ಮಾನಿಸಿಬಿಟ್ಟಂತಾಗುತ್ತದೆ. ಆಮೇಲೆ ಮಗಳು ತಪ್ಪು ತಿಳಿದಳೆಂಬುದನ್ನು ಕನ್ನಡ ಓದುಗ ಅರಿಯುವ ದಾರಿಯೇ ಇರುವುದಿಲ್ಲ.